₹8,999ರ ಶೂ ₹899ಕ್ಕೆ: ರೊಕ್ಕ ಹಾಕುವ ಮೊದಲು ನಾನು ನೋಡುವುದು

ವಿಜಯಪುರದ ನಮ್ಮ ಆನ್‌ಲೈನ್ ಸೇವಾ ಕೇಂದ್ರಕ್ಕೆ ಪಹಣಿ ತೆಗೆಸಲು, ಫಾರ್ಮ್ ತುಂಬಿಸಲು ಬಂದವರು ಕೆಲಸ ಮುಗಿದ ಮೇಲೆ ಮೊಬೈಲ್ ಮುಂದೆ ಹಿಡಿದು, "ಸರ, ಇದು ಖರೇ ಐತೇನ್ರಿ? ರೊಕ್ಕ ಹಾಕ್ಲೇನು?" ಅಂತ ಕೇಳುತ್ತಾರೆ. ಹೆಚ್ಚಿನ ಸಲ ಅದು ದೊಡ್ಡ ಬ್ರ್ಯಾಂಡಿನ ಶೂ, ಶೇ. 90 ರಿಯಾಯಿತಿ. ಇತ್ತೀಚೆಗೆ ಕಾಲೇಜು ಹುಡುಗನೊಬ್ಬ ತಂದ ಸೈಟನ್ನು ಹೇಗೆ ನೋಡಿದೆ ಎಂಬುದನ್ನು ಇಲ್ಲಿ ಬರೆಯುತ್ತೇನೆ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ.

ಮೊದಲು ವಿಳಾಸ. ಪುಟದ ಮೇಲಿನ ಲೋಗೋ ಯಾರು ಬೇಕಾದರೂ ನಕಲು ಮಾಡಬಹುದು, ವಿಳಾಸ ಹಾಗಲ್ಲ. ಮೊಬೈಲಿನಲ್ಲಿ ಅದು ಅರ್ಧವೇ ಕಾಣುತ್ತದೆ, ಹಾಗಾಗಿ ವಿಳಾಸದ ಪಟ್ಟಿಯನ್ನು ಒತ್ತಿ ಪೂರ್ತಿ ತೆಗೆದು ಓದಬೇಕು. ಆ ಸೈಟಿನ ನಿಜ ಹೆಸರು ಬಿಟ್ಟು, ಅದೇ ಆಕಾರದಲ್ಲಿ ತೋರಿಸುತ್ತೇನೆ:

```
https://brandname.in.mega-clearance.example/shoes
```

ಓದುವವರ ಕಣ್ಣು ಎಡಗಡೆಯ `brandname.in` ಮೇಲೆ ನಿಲ್ಲುತ್ತದೆ. ಮೋಸಗಾರರಿಗೆ ಬೇಕಾದದ್ದೂ ಅದೇ. ಓದಬೇಕಾದ್ದು ತಿರುವುಮುರುವಾಗಿ. `https://` ಆದ ಮೇಲೆ ಬರುವ ಮೊದಲ ಒಂಟಿ ಗೆರೆಯ (/) ಹತ್ತಿರ ನಿಂತು ಎಡಕ್ಕೆ ಬನ್ನಿ. ಕೊನೆಯ ಎರಡು ತುಂಡೇ ಮಾಲೀಕನ ಗುರುತು, ಇಲ್ಲಿ `mega-clearance.example`. ಅದರ ಎಡಕ್ಕೆ ಇರುವುದನ್ನು ಆ ಮಾಲೀಕ ತನಗೆ ತಿಳಿದಂತೆ ಬರೆದುಕೊಳ್ಳಬಹುದು. ಕೊನೆಯಲ್ಲಿ `.co.in` ನಂಥದ್ದು ಇದ್ದಲ್ಲಿ ಕೊನೆಯ ಮೂರು ತುಂಡು ನೋಡಬೇಕು.

ಹುಡುಗ ಬೀಗದ ಚಿಹ್ನೆ ತೋರಿಸಿ, "ಇದು ಸೇಫ್ ಐತ್ರಿ" ಅಂದ. ಬೀಗದ ಅರ್ಥ ಬೇರೆ. ನಿಮ್ಮ ಮೊಬೈಲಿನಿಂದ ಆ ಸೈಟಿಗೆ ಹೋಗುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದಲಾರರು ಅಂತ ಅಷ್ಟೇ. ಆ ತುದಿಯಲ್ಲಿ ಕುಳಿತವನು ಅಂಗಡಿಕಾರನೋ ಕಳ್ಳನೋ ಅದು ಹೇಳುವುದಿಲ್ಲ. ಬೀಗ ಬರಲು ಬೇಕಾದ ಪ್ರಮಾಣಪತ್ರ ಕೆಲವೇ ನಿಮಿಷಗಳಲ್ಲಿ ಪುಕ್ಕಟೆ ಸಿಗುತ್ತದೆ.

ಆಮೇಲೆ ವಯಸ್ಸು. `lookup.icann.org` ತೆರೆದು ಮಾಲೀಕನ ಗುರುತಿನ ಆ ತುಂಡನ್ನಷ್ಟೇ ಹಾಕಿದರೆ `Created` ಎದುರಿಗೆ ದಿನಾಂಕ ಬರುತ್ತದೆ. `.in` ವಿಳಾಸಗಳಿಗೆ `registry.in` ನಲ್ಲಿರುವ ಹುಡುಕಾಟ ಬಳಸುತ್ತೇನೆ. ಈ ಸೈಟು ಹುಟ್ಟಿ 19 ದಿನ ಆಗಿತ್ತು. ಪುಟದ ಕೆಳಗೆ ಮಾತ್ರ "2012ರಿಂದ ನಿಮ್ಮ ಸೇವೆಯಲ್ಲಿ" ಎಂಬ ಅರ್ಥದ ಸಾಲು. ಮಾಲೀಕನ ಹೆಸರು ಮುಚ್ಚಿಟ್ಟಿದ್ದರೆ ಅದನ್ನೊಂದೇ ತಪ್ಪು ಎನ್ನುವಂತಿಲ್ಲ, ಪ್ರಾಮಾಣಿಕರ ಹೆಸರೂ ಈಗ ಹಾಗೆಯೇ ಮುಚ್ಚಿರುತ್ತದೆ. ಹಾಗೆಯೇ ವಯಸ್ಸಾದ ಸೈಟೆಲ್ಲ ಒಳ್ಳೆಯದೂ ಅಲ್ಲ. ಯಾರೋ ಬಿಟ್ಟುಕೊಟ್ಟ ಹಳೆಯ ಹೆಸರನ್ನು ಕೊಂಡು ಅದರಲ್ಲಿ ಅಂಗಡಿ ತೆರೆಯುವವರಿದ್ದಾರೆ. ಆದರೆ ಹೇಳಿಕೊಂಡ ವರ್ಷಕ್ಕೂ ದಾಖಲೆಯ ದಿನಾಂಕಕ್ಕೂ ಇಷ್ಟು ಅಂತರ ಬಂದರೆ ನಾನು ಅಲ್ಲಿಗೇ ಬೇಡ ಅನ್ನುತ್ತೇನೆ.

ಹುಡುಗನಿಗೆ ಇನ್ನೂ ಮನಸ್ಸು ಒಪ್ಪಲಿಲ್ಲ. "ಜಿಎಸ್‌ಟಿ ನಂಬರ್ ಕೊಟ್ಟಾರಲ್ರಿ ಸರ" ಅಂದ. ಹೌದು, ಕೊಟ್ಟಿದ್ದರು. ಜನ ಹೆಚ್ಚು ಮೋಸ ಹೋಗುವುದು ಇಲ್ಲಿಯೇ, ಮೋಸ ಬಯಲಾಗುವುದೂ ಇಲ್ಲಿಯೇ.

ಜಿಎಸ್‌ಟಿ ನಂಬರ್ 15 ಅಕ್ಷರದ್ದು. ಮೊದಲ ಎರಡು ಅಂಕಿ ರಾಜ್ಯದವು: ಕರ್ನಾಟಕ 29, ಮಹಾರಾಷ್ಟ್ರ 27, ದೆಹಲಿ 07. ಮುಂದಿನ ಹತ್ತು ಅಕ್ಷರ ಮಾಲೀಕನ ಪ್ಯಾನ್. ಪ್ಯಾನಿನ ನಾಲ್ಕನೆಯ ಅಕ್ಷರ ಅದು ಯಾರದು ಎಂದು ಹೇಳುತ್ತದೆ. `P` ಇದ್ದರೆ ಒಬ್ಬ ವ್ಯಕ್ತಿ, `C` ಇದ್ದರೆ ಕಂಪನಿ, `F` ಇದ್ದರೆ ಪಾಲುದಾರಿಕೆ ಸಂಸ್ಥೆ. ಜಿಎಸ್‌ಟಿ ನಂಬರಿನಲ್ಲಿ ಅದು ಆರನೆಯ ಜಾಗಕ್ಕೆ ಬರುತ್ತದೆ. ಈ ಸೈಟು ತನ್ನನ್ನು ದೆಹಲಿಯ ಪ್ರೈವೇಟ್ ಲಿಮಿಟೆಡ್ ಕಂಪನಿ ಎಂದು ಕರೆದುಕೊಂಡಿತ್ತು. ನಂಬರ್ ಶುರುವಾದದ್ದು 27ರಿಂದ, ಆರನೆಯ ಅಕ್ಷರ `P`. ಯಾವ ಪುಟವನ್ನೂ ತೆರೆಯದೆ, ಬೆರಳಿಟ್ಟು ಎಣಿಸಿದರೇ ಎರಡು ಕಡೆ ತಾಳೆಯಾಗದ್ದು ಸಿಕ್ಕಿತು. ದೊಡ್ಡ ಕಂಪನಿಗೆ ಬೇರೆ ಬೇರೆ ರಾಜ್ಯದ ನಂಬರುಗಳಿರಬಹುದು, ಹಾಗಾಗಿ 27 ಒಂದನ್ನೇ ಹಿಡಿದು ಕೂರಬಾರದು. `P`ಗೆ ಮಾತ್ರ ಸಮಜಾಯಿಷಿ ಇಲ್ಲ.

ಪೂರ್ತಿ ಖಾತ್ರಿಗೆ `services.gst.gov.in` ನಲ್ಲಿ `Search Taxpayer` ಒತ್ತಿ, `Search by GSTIN/UIN` ಆರಿಸಿ ನಂಬರ್ ಹಾಕಿದೆ. ಇದಕ್ಕೆ ಲಾಗಿನ್ ಬೇಡ. ನಂಬರ್ ಚಾಲ್ತಿಯಲ್ಲೇ ಇತ್ತು. `Active` ಎಂಬುದನ್ನು ಕಂಡು ಹುಡುಗನ ಮುಖ ಅರಳಿತು. ಆ ಪದಕ್ಕಿಂತ ಮುಖ್ಯವಾದದ್ದು `Legal Name` ಮತ್ತು ಕೆಳಗಿನ ಸರಕಿನ ಪಟ್ಟಿ. ಹೆಸರು ಯಾರೋ ಒಬ್ಬ ವ್ಯಾಪಾರಿಯದು, ಸೈಟಿಗೂ ಅವರಿಗೂ ಸಂಬಂಧ ಕಾಣಲಿಲ್ಲ. ಸರಕಿನ ಎಚ್‌ಎಸ್‌ಎನ್ ಕೋಡುಗಳು 73ರಿಂದ ಶುರು, ಅಂದರೆ ಕಬ್ಬಿಣ ಉಕ್ಕಿನ ಸಾಮಾನು. ಪಾದರಕ್ಷೆಯ ಕೋಡು 64ರಿಂದ ಶುರುವಾಗುತ್ತದೆ. ಕಬ್ಬಿಣದ ಸಾಮಾನು ಮಾರುವ ಆ ಮನುಷ್ಯನ ನಂಬರನ್ನು ಯಾವುದೋ ಬಿಲ್ಲಿನಿಂದ ಎತ್ತಿ ಇಲ್ಲಿ ಅಂಟಿಸಿರಬೇಕು. ತನ್ನ ಹೆಸರು ಹೀಗೆ ಬಳಕೆಯಾಗುತ್ತಿರುವುದು ಪಾಪ ಅವರಿಗೂ ಗೊತ್ತಿರಲಿಕ್ಕಿಲ್ಲ.

ಸಣ್ಣಪುಟ್ಟ ಪರೀಕ್ಷೆಗಳನ್ನೂ ಮಾಡುತ್ತೇನೆ, ಅವಕ್ಕೆ ಕಡಿಮೆ ತೂಕ ಕೊಡುತ್ತೇನೆ. "14 ನಿಮಿಷದಲ್ಲಿ ಆಫರ್ ಮುಗಿಯುತ್ತದೆ" ಎಂಬ ಗಡಿಯಾರವನ್ನು ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದರೆ ಮತ್ತೆ 15ರಿಂದ ಶುರುವಾಯಿತು. ಡೆಲಿವರಿಗೆ ಪಿನ್‌ಕೋಡ್ 000000 ಹಾಕಿದೆ, ಮೂರು ದಿನದಲ್ಲಿ ತಲುಪಿಸುತ್ತೇವೆ ಅಂತು. ಸೊನ್ನೆಯಿಂದ ಶುರುವಾಗುವ ಪಿನ್‌ಕೋಡ್ ಭಾರತದಲ್ಲಿ ಇಲ್ಲವೇ ಇಲ್ಲ. ಆದರೆ ಕೆಲವು ಸಾಚಾ ಸಣ್ಣ ಅಂಗಡಿಗಳೂ ಪಿನ್ ಪರೀಕ್ಷಿಸುವುದಿಲ್ಲ, ಅದಕ್ಕೇ ತೂಕ ಕಡಿಮೆ ಎಂದದ್ದು.

ಕೊನೆಯ ಬಾಗಿಲು ಯುಪಿಐ. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಅಥವಾ ಪೇ ಒತ್ತಿದರೆ ಪಿನ್ ಹಾಕುವ ಮೊದಲು ಹಣ ಪಡೆಯುವವರ ಹೆಸರು ಬರುತ್ತದೆ. ಅಲ್ಲಿ ನಿಲ್ಲಿ. ಹಣ ಕಳಿಸಲು ಒಪ್ಪಿಗೆ ಕೊಡದಿದ್ದರೆ ರೊಕ್ಕ ಹೋಗುವುದಿಲ್ಲ, ಹೆಸರು ನೋಡಿ ಹಿಂದೆ ಬರಬಹುದು. ಇಲ್ಲಿ ಬಂದದ್ದು ಬ್ರ್ಯಾಂಡಿನ ಹೆಸರೂ ಅಲ್ಲ, ಸೈಟಿನದ್ದೂ ಅಲ್ಲ, ಜಿಎಸ್‌ಟಿ ದಾಖಲೆಯ ವ್ಯಾಪಾರಿಯದ್ದೂ ಅಲ್ಲ, ನಾಲ್ಕನೆಯ ಒಬ್ಬ ವ್ಯಕ್ತಿಯದು. ಕಾರ್ಡ್ ನಂಬರನ್ನಂತೂ ಇಂಥ ಪುಟದಲ್ಲಿ ಪರೀಕ್ಷೆಗೂ ಹಾಕಬೇಡಿ. ₹899 ಹೋಗುವುದಲ್ಲ, ಕಾರ್ಡಿನ ವಿವರವೇ ಹೋಗುತ್ತದೆ.

"ಹಂಗಾರ ಕ್ಯಾಶ್ ಆನ್ ಡೆಲಿವರಿ ಮಾಡ್ಲೇನ್ರಿ?" ಎಂದು ಕೇಳುವವರು ಬಹಳ. ಪಾರ್ಸಲ್ ಬಿಚ್ಚುವ ಮೊದಲೇ ರೊಕ್ಕ ಕೊಡಬೇಕಾಗುತ್ತದೆ, ಒಳಗೆ ಹಳೇ ಚಪ್ಪಲಿ ಇದ್ದರೂ ತಂದವನು ಹೊಣೆಯಲ್ಲ. ಜೊತೆಗೆ ಹೆಸರು, ಮನೆ ವಿಳಾಸ, ಮೊಬೈಲ್ ನಂಬರ್ ಅವರ ಕೈ ಸೇರಿರುತ್ತದೆ. ಈಗಾಗಲೇ ರೊಕ್ಕ ಹಾಕಿಬಿಟ್ಟವರಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ, `cybercrime.gov.in` ನಲ್ಲಿ ದೂರು ಹಾಕಿಸುತ್ತೇನೆ. ವ್ಯವಹಾರದ ಯುಟಿಆರ್ ನಂಬರ್, ಹಣ ಪಡೆದವರ ಯುಪಿಐ ಐಡಿ ಎದುರಿಗೇ ಇರಬೇಕು. ಬೇಗ ಹೇಳಿದಷ್ಟೂ ಆ ಖಾತೆಯಲ್ಲಿ ರೊಕ್ಕ ಇನ್ನೂ ಉಳಿದಿದ್ದು, ತಡೆಹಿಡಿಯಲು ಸಿಗುವ ಸಾಧ್ಯತೆ ಹೆಚ್ಚು.

ಕೊನೆಗೆ ಬ್ರ್ಯಾಂಡಿನ ಸ್ವಂತ ವಿಳಾಸವನ್ನು ಕೈಯಿಂದ ಟೈಪ್ ಮಾಡಿ ಅದೇ ಮಾಡೆಲ್ ತೆಗೆದೆ. ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತಿನ ಲಿಂಕ್ ಒತ್ತಲಿಲ್ಲ, ಅಲ್ಲಿಯೂ ನಕಲಿಗಳು ನುಸುಳಿರುತ್ತವೆ. ಬ್ರ್ಯಾಂಡಿನ ಸೈಟಿನಲ್ಲಿ ರಿಯಾಯಿತಿ ಶೇ. 35, ಅದೂ 6 ಮತ್ತು 11ನೇ ಸೈಜ್ ಮಾತ್ರ ಉಳಿದಿದ್ದವು. ನಿಜವಾದ ಕ್ಲಿಯರೆನ್ಸ್ ಸೇಲಿನಲ್ಲಿ ಹೀಗೆಯೇ, 8 ಮತ್ತು 9 ಮೊದಲೇ ಖಾಲಿಯಾಗಿರುತ್ತವೆ. ಹುಡುಗ ತಂದಿದ್ದ ಸೈಟಿನಲ್ಲಿ ಎಲ್ಲ ಶೂಗಳೂ ಎಲ್ಲ ಬಣ್ಣದಲ್ಲೂ 6ರಿಂದ 11ರವರೆಗೆ ಇದ್ದವು.