ಮಗ್ಗದ ಸದ್ದಿಗೆ ಹೋದ ಕಿವಿಗೆ ಬರಹ, ಹುಟ್ಟಾ ಕೇಳದವರಿಗೆ ಸಂಜ್ಞೆ

ನಮ್ಮ ನೇಕಾರರ ಸಂಘದಾಗ ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರ ನಾಲ್ಕೂ ಊರಿನ ಸದಸ್ಯರಿದ್ದಾರೆ. ಎಲ್ಲರೂ ಒಂದೆಡೆ ಸೇರಬೇಕೆಂದರೆ ಅರ್ಧ ದಿನ ಮಗ್ಗ ನಿಲ್ಲಿಸಬೇಕು. ಅದಕ್ಕೇ ಕರೆಂಟ್ ಬಿಲ್ಲಿನ ರಿಯಾಯಿತಿ ಕುರಿತ ಸಭೆಗಳನ್ನು ಝೂಮ್‌ನಲ್ಲಿ ಇಟ್ಟೆವು. ಸಂಘದ ಲೆಕ್ಕ ಬರೆಯುವ ನನಗೇ ಸಭೆ ನಡೆಸುವ ಕೆಲಸವೂ ಬಂತು. ಸದಸ್ಯರಲ್ಲಿ ಏಳು ಜನರಿಗೆ ಕಿವಿಯ ತೊಂದರೆ ಇತ್ತು. ಏಳು ಜನರೂ ಒಂದೇ ಬಗೆಯವರು ಎಂದು ತಿಳಿದದ್ದು ನನ್ನ ಮೊದಲ ತಪ್ಪು.

ಅವರಲ್ಲಿ ಐವರು ಅರವತ್ತು ದಾಟಿದವರು. ಮೂವತ್ತು ನಲವತ್ತು ವರ್ಷ ಪವರ್‌ಲೂಮ್ ಶೆಡ್ಡಿನಲ್ಲೇ ನಿಂತವರು. ಶೆಡ್ಡಿನೊಳಗೆ ಸದ್ದು ಸಾಮಾನ್ಯವಾಗಿ 90 ಡೆಸಿಬಲ್ ದಾಟಿರುತ್ತದೆ. ಅಲ್ಲಿ ಬಾಯಿ ಮಾತು ನಡೆಯುವುದಿಲ್ಲ. ನೂಲು ಹರಿದರೆ, ಕಂಡಿಕೆ ಮುಗಿದರೆ ಕೈಸನ್ನೆಯಲ್ಲೇ ಹೇಳುತ್ತಾರೆ. ಅದನ್ನು ದಿನಾ ನೋಡಿದ ನಾನು, ಇವರಿಗೆ ಸಂಜ್ಞಾ ಭಾಷೆಯೇ ಸರಿ ಎಂದುಕೊಂಡು ಬೆಂಗಳೂರಿನಿಂದ ಒಬ್ಬ ದುಭಾಷಿಯನ್ನು ಗೊತ್ತುಮಾಡಿದೆ. ಸಭೆ ಮುಗಿದ ಮೇಲೆ ಒಬ್ಬ ಕಾಕಾ ಕೇಳಿದರು: "ಆ ಹೆಣಮಗಳು ಕೈ ಯಾಕ ಆಡಸತಿದ್ಳೋ ತಮ್ಮಾ? ನಮಗೇನೂ ತಿಳೀಲಿಲ್ಲ."

ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಭಾರತೀಯ ಸಂಜ್ಞಾ ಭಾಷೆ ಕಲಿತು ಬರುವ ಭಾಷೆ, ತನ್ನದೇ ವ್ಯಾಕರಣ ಉಳ್ಳದ್ದು. ಶೆಡ್ಡಿನ ಹತ್ತಿಪ್ಪತ್ತು ಸನ್ನೆಗೂ ಅದಕ್ಕೂ ನಂಟಿಲ್ಲ. ಈ ಹಿರಿಯರ ಭಾಷೆ ಕನ್ನಡ. ಸದ್ದಿಗೆ ಹಾಳಾಗುವ ಕಿವಿ ಮೊದಲು ಕಳೆದುಕೊಳ್ಳುವುದು 4000 ಹರ್ಟ್ಜ್ ಆಸುಪಾಸಿನ ಮೇಲಿನ ಸ್ವರವನ್ನು. ಸ, ಶ, ತ, ಕ ಇಂಥ ವ್ಯಂಜನಗಳ ಸುಳಿವು ಮೇಲಿನ ಸ್ವರದಲ್ಲೇ ಹೆಚ್ಚು. ಹಾಗಾಗಿ "ಧ್ವನಿ ಬರತೈತಿ, ಮಾತು ತಿಳಿಯಂಗಿಲ್ಲ" ಎನ್ನುತ್ತಾರೆ. ವಾಲ್ಯೂಮ್ ಏರಿಸಿದರೆ ಗದ್ದಲ ಏರುತ್ತದೆ, ಮಾತು ಬಿಡಿಸಿ ಕೇಳುವುದಿಲ್ಲ. ಇವರಿಗೆ ಬೇಕಾದದ್ದು ಪರದೆಯ ಕೆಳಗೆ ಕನ್ನಡ ಬರಹ.

ಉಳಿದ ಇಬ್ಬರು ಸೀರೆಗೆ ಕುಚ್ಚು ಕಟ್ಟುವ ಅಕ್ಕತಂಗಿಯರು. ಹುಟ್ಟಿನಿಂದಲೇ ಕೇಳುವುದಿಲ್ಲ, ಕಿವುಡ ಮಕ್ಕಳ ವಸತಿ ಶಾಲೆಯಲ್ಲಿ ಓದಿದವರು. ದುಭಾಷಿ ಮಾತಾಡಿಸಿದ ಕೂಡಲೇ ಅವರ ಮುಖ ಅರಳಿತ್ತು. ಎರಡನೆಯ ಸಭೆಗೆ ನಾನು ಇನ್ನೊಂದು ಬದಿಗೆ ವಾಲಿದೆ. ಇಬ್ಬರೂ ಕನ್ನಡ ಓದುತ್ತಾರಲ್ಲ, ಎಲ್ಲರಿಗೂ ಬರಹವನ್ನೇ ಕೊಟ್ಟರಾಯಿತು ಎಂದು ದುಭಾಷಿಯನ್ನು ಬಿಟ್ಟೆ. ಅಂದು ಪರದೆಯ ಮೇಲೆ ಬಂದ ಒಂದು ಸಾಲು: "20ರೊಳಗೆ ಅರ್ಜಿ ಕೊಡದಿದ್ದರೆ ರಿಯಾಯಿತಿ ಸಿಗುವುದಿಲ್ಲ." ಮರುದಿನ ತಂಗಿ ಚೀಟಿಯಲ್ಲಿ ಬರೆದು ಕೇಳಿದಳು: "ಅರ್ಜಿ ಕೊಡಬಾರದು?" ಕಿವಿಯಲ್ಲಿ ಕನ್ನಡ ಕೇಳುತ್ತ ಬೆಳೆದ ನಮಗೆ "ದಿದ್ದರೆ" ಎಂಬ ತುಣುಕು ತಾನಾಗಿ ತಿಳಿಯುತ್ತದೆ. ಅವಳಿಗೆ ಕನ್ನಡ ಬಂದದ್ದು ಪುಸ್ತಕದಿಂದ, ಎರಡನೆಯ ಭಾಷೆಯಾಗಿ. ಅರ್ಜಿ, ಕೊಡು, ಇಲ್ಲ ಎಂಬ ಮೂರನ್ನು ಹಿಡಿದು ಉಳಿದದ್ದನ್ನು ಊಹಿಸಿದ್ದಳು. ಆ ಚೀಟಿಯನ್ನು ನಾನು ಇಂದಿಗೂ ಇಟ್ಟುಕೊಂಡಿದ್ದೇನೆ. ಅವಳು ಕೇಳದೆ ಸುಮ್ಮನಿದ್ದಿದ್ದರೆ ಅವರ ಮನೆಯ ಅರ್ಜಿ ತಪ್ಪುತ್ತಿತ್ತು.

ಅಂಗವಿಕಲರ ಕಾರ್ಡು ನೋಡಿ ಇದನ್ನು ನಿರ್ಧರಿಸಲು ಬರುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 70 ಡೆಸಿಬಲ್ ನಷ್ಟವಿದ್ದರೆ ಕಿವುಡು, 60ರಿಂದ 70 ಆದರೆ ಮಂದ ಶ್ರವಣ. ಕಿವಿ ಎಷ್ಟು ಹೋಗಿದೆ ಎಂದು ಅದು ಹೇಳುತ್ತದೆ, ಯಾವ ವಯಸ್ಸಿನಲ್ಲಿ ಹೋಯಿತು, ಯಾವ ಭಾಷೆ ಬರುತ್ತದೆ ಎಂದು ಹೇಳುವುದಿಲ್ಲ. ಈಗ ಸಭೆಗೆ ಒಂದು ವಾರ ಮುಂಚೆ ಒಂದೇ ಪ್ರಶ್ನೆ ಕಳಿಸುತ್ತೇನೆ: ಬರಹ ಬೇಕೋ, ಸಂಜ್ಞಾ ಭಾಷೆ ಬೇಕೋ, ಎರಡೂ ಬೇಕೋ? ಅಕ್ಕ ಎರಡೂ ಬೇಕು ಎಂದಳು. ಅರ್ಥಕ್ಕೆ ಸಂಜ್ಞೆ, ಅಂಕಿ ಮತ್ತು ಹೆಸರಿಗೆ ಬರಹ.

ಬರಹವನ್ನು ಮೊದಲು ತಾನಾಗಿ ಮೂಡುವ ಕ್ಯಾಪ್ಷನ್‌ಗೆ ಬಿಟ್ಟಿದ್ದೆ. ನಮ್ಮ ಮಾತು ಅದಕ್ಕೆ ಹಿಡಿಯಲಿಲ್ಲ. "ಹತ್ತ ಎಚ್‌ಪಿ" ಎಂದದ್ದು "ಹತ್ತಿ ಹೆಚ್ಚು" ಎಂದು ಮೂಡಿತು. ಅರ್ಥವಿಲ್ಲದ ಸಾಲು ಬಂದರೆ ತಪ್ಪಾಗಿದೆ ಎಂದು ಓದುವವರಿಗೆ ಗೊತ್ತಾಗುತ್ತದೆ. ನೇಕಾರನಿಗೆ "ಹತ್ತಿ ಹೆಚ್ಚು" ಅರ್ಥವಿರುವ ಮಾತು. ಹತ್ತಿಯ ದರ ಏರಿತೆಂದು ಇಬ್ಬರು ನಂಬಿಯೇ ಬಿಟ್ಟಿದ್ದರು. ಅಂದಿನಿಂದ ಹಣ, ಗಡುವು, ಮತದಾನ ಇರುವ ಸಭೆಗೆ ಮನುಷ್ಯರೇ ಟೈಪ್ ಮಾಡುತ್ತಾರೆ. ಝೂಮ್‌ನಲ್ಲಿ ಸಭೆ ನಡೆಸುವವರು ಒಬ್ಬ ಸದಸ್ಯರಿಗೆ ಕ್ಯಾಪ್ಷನ್ ಟೈಪ್ ಮಾಡುವ ಅಧಿಕಾರ ಕೊಡಬಹುದು. ನಾವು ಡಿಟಿಪಿ ಅಂಗಡಿಯ ಹುಡುಗಿಯನ್ನು ಕೂರಿಸಿದೆವು. ಮೊದಲ ಐದು ನಿಮಿಷ ಪರದೆ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅವಳ ನುಡಿ ತಂತ್ರಾಂಶ ಹಳೆಯ ಫಾಂಟಿನ ಕ್ರಮದಲ್ಲಿತ್ತು, ಯೂನಿಕೋಡ್‌ಗೆ ಬದಲಿಸಿದ ಮೇಲೆ ಸರಿಹೋಯಿತು. ಮಾತಿನ ವೇಗಕ್ಕೆ ಬೆರಳು ಓಡುವುದಿಲ್ಲವಾದ್ದರಿಂದ ಪ್ರತಿ ಪದ ಬೇಡ, ತಾತ್ಪರ್ಯ ಬರೆ, ಆದರೆ ಅಂಕಿ, ತಾರೀಖು, "ಇಲ್ಲ" ಎಂಬುದನ್ನು ಎಂದೂ ಬಿಡಬೇಡ ಎಂದು ಹೇಳಿದ್ದೇನೆ. ಗಡುವಿನ ಮಾತು ಬಂದಾಗ "20ರೊಳಗೆ ಅರ್ಜಿ ಕೊಡಿ. ತಡವಾದರೆ ರಿಯಾಯಿತಿ ಇಲ್ಲ" ಎಂದು ಎರಡು ಸಣ್ಣ ವಾಕ್ಯ ಮಾಡುತ್ತಾಳೆ.

ಸಂಜ್ಞೆಯ ಕಡೆ ಕಷ್ಟ ಬೇರೆ. ಸದಸ್ಯರೆಲ್ಲ ನೋಡುವುದು ಮೊಬೈಲ್‌ನಲ್ಲಿ. ಅಧಿಕಾರಿ ಸ್ಲೈಡ್ ಹಂಚಿದ ತಕ್ಷಣ ದುಭಾಷಿ ಉಗುರಿನಷ್ಟಾಗುತ್ತಾರೆ, ಬೆರಳ ಆಕಾರ ಕಾಣುವುದಿಲ್ಲ. ಅದಕ್ಕೆ ಸ್ಲೈಡುಗಳನ್ನು ಹಿಂದಿನ ದಿನವೇ ವಾಟ್ಸಾಪ್‌ನಲ್ಲಿ ಕಳಿಸಿ, ಸಭೆಯಲ್ಲಿ ಹಂಚುವುದನ್ನೇ ನಿಲ್ಲಿಸಿದೆ. ಮಾತಾಡುವವರನ್ನೂ ದುಭಾಷಿಯನ್ನೂ ಸ್ಪಾಟ್‌ಲೈಟ್ ಮಾಡಿದರೆ ಎಲ್ಲರ ಪರದೆಯಲ್ಲೂ ಅವರಿಬ್ಬರೇ ದೊಡ್ಡದಾಗಿ ನಿಲ್ಲುತ್ತಾರೆ. ಅಕ್ಕತಂಗಿಯರು ಸಂಘದ ಆಫೀಸಿನ ಲ್ಯಾಪ್‌ಟಾಪ್ ಮುಂದೆ ಕೂರುತ್ತಾರೆ. ಅವರ ಪ್ರಶ್ನೆಯೂ ಕೈಯಲ್ಲೇ ಬರಬೇಕು, ನೆಟ್ ತಡವರಿಸಿದರೆ ಅರ್ಧ ಮಾತು ನುಂಗಿದಂತೆ. ಒಂದು ಗಂಟೆ ಮೀರುವ ಸಭೆಗೆ ಇಬ್ಬರು ದುಭಾಷಿಗಳು ಬೇಕು, ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಒಬ್ಬರೇ ಎಳೆದ ಮೊದಲ ಸಭೆಯ ಕೊನೆಗೆ ವಾಕ್ಯಗಳೇ ಬಿಟ್ಟುಹೋಗುತ್ತಿದ್ದವು ಎಂದು ಅಕ್ಕ ಆಮೇಲೆ ತಿಳಿಸಿದಳು.

ದುಭಾಷಿಗೆ ಮಗ್ಗದ ಮಾತು ಗೊತ್ತಿರಲಿಲ್ಲ. ಕಂಡಿಕೆ, ಬೀಮು, ಹೊಕ್ಕು ಇವನ್ನೆಲ್ಲ ಬೆರಳಿನಲ್ಲಿ ಅಕ್ಷರ ಅಕ್ಷರವಾಗಿ ಬಿಡಿಸುತ್ತಿದ್ದರು. ಮೂರನೆಯ ಸಭೆಯ ಹಿಂದಿನ ಸಂಜೆ ಅರ್ಧ ಗಂಟೆ ವಿಡಿಯೊ ಕಾಲ್ ಇಟ್ಟೆ. ಅಕ್ಕತಂಗಿಯರು ತಾವು ಮನೆಯಲ್ಲಿ ಬಳಸುವ ಸಂಜ್ಞೆಗಳನ್ನು ದುಭಾಷಿಗೆ ತೋರಿಸಿದರು. ಮರುದಿನ ಅವೇ ಸಂಜ್ಞೆಗಳಲ್ಲಿ ಸಭೆ ನಡೆಯಿತು, ತಂಗಿ ಮೊದಲ ಬಾರಿಗೆ ಅಧಿಕಾರಿಗೆ ನೇರ ಪ್ರಶ್ನೆ ಹಾಕಿದಳು.

ಮೂರು ನಾಲ್ಕು ಜನರ ಸಣ್ಣ ಸಭೆಗೆ ಹಿರಿಯರಿಗೆ ಬರಹವೂ ಬೇಕಾಗುವುದಿಲ್ಲ. ಒಳ್ಳೆಯ ಇಯರ್‌ಫೋನ್ ಇದ್ದು, ಒಬ್ಬರ ನಂತರ ಒಬ್ಬರು ಬೆಳಕಿಗೆ ಮುಖ ಕೊಟ್ಟು ಮಾತಾಡಿದರೆ ತುಟಿ ನೋಡಿ ಹಿಡಿಯುತ್ತಾರೆ.

ಐವರಲ್ಲಿ ಒಬ್ಬ ಕಾಕಾಗೆ ಓದು ಬಾರದು. ಬರಹವೂ ಇಲ್ಲ, ಸಂಜ್ಞೆಯೂ ಇಲ್ಲ. ಅವರ ಸೊಸೆ ಪಕ್ಕದಲ್ಲಿ ಕೂತು ಪರದೆ ಓದಿ, ಕಿವಿಯ ಹತ್ತಿರ ಸಾವಕಾಶ ಹೇಳುತ್ತಾಳೆ. ಅದಕ್ಕಾಗಿ ಪ್ರತಿ ತೀರ್ಮಾನಕ್ಕೆ ಮುಂಚೆ ನಾನು ಒಂದು ನಿಮಿಷ ಸಭೆ ತಡೆಯುತ್ತೇನೆ. ಆಕೆ ಕೈ ಎತ್ತಿ "ಮಾವಾರಿಗೆ ತಿಳೀತು ರೀ" ಎಂದ ಮೇಲೆಯೇ ಮತಕ್ಕೆ ಹಾಕುತ್ತೇನೆ.