ವಿದೇಶದಿಂದ ಪವರ್ ಆಫ್ ಅಟಾರ್ನಿ: ಊರಿನ ಸೈಟು ಮಾರುವ ಮುನ್ನ

ದುಬೈನಲ್ಲಿರುವ ನಮ್ಮ ಪರಿಚಯದವರೊಬ್ಬರು ಹುಬ್ಬಳ್ಳಿ ಕೇಶ್ವಾಪುರದ ಸೈಟು ಮಾರಲು ಅಕ್ಕನ ಗಂಡನ ಹೆಸರಿಗೆ ಪವರ್ ಬರೆಯಲು ಹೊರಟಿದ್ದರು. ನಾನು ತಡೆದೆ. ಅಕ್ಕನ ಹೆಸರಿಗೇ ಬರೆಯಿರಿ ಅಂದೆ. ಕರ್ನಾಟಕದಲ್ಲಿ ಅಪ್ಪ, ಅಮ್ಮ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರನ್ನು ಬಿಟ್ಟು ಬೇರೆಯವರಿಗೆ ಮಾರಾಟದ ಅಧಿಕಾರ ಕೊಟ್ಟರೆ, ಆಸ್ತಿಯ ಬೆಲೆಯ ಮೇಲೆ ಕ್ರಯಪತ್ರದಷ್ಟೇ ಸ್ಟಾಂಪ್ ಡ್ಯೂಟಿ ಬೀಳುತ್ತದೆ. ಅಕ್ಕನ ಗಂಡ ಈ ಪಟ್ಟಿಯಲ್ಲಿ ಇಲ್ಲ.

ಮೊದಲು ಕರಡು. ನಗರ ಸರ್ವೆಯ ಸಿ.ಟಿ.ಎಸ್. ನಂಬರ್, ಅಳತೆ, ನಾಲ್ಕೂ ದಿಕ್ಕಿನ ಚಕ್ಕುಬಂದಿ ಇರಲಿ. ಕ್ರಯಪತ್ರಕ್ಕೆ ಸಹಿ ಹಾಕುವುದು, ಸಬ್ ರಿಜಿಸ್ಟ್ರಾರ್ ಮುಂದೆ ಹಾಜರುಪಡಿಸಿ ಒಪ್ಪಿಕೊಳ್ಳುವುದು, ಹಣ ಪಡೆಯುವುದು, ಇವನ್ನು ಬಿಡಿಬಿಡಿಯಾಗಿ ಬರೆಸಿ. 'ಎಲ್ಲ ವ್ಯವಹಾರ' ಎಂದು ಸುಮ್ನೆ ಬರೆದಿರುವ ರೆಡಿಮೇಡ್ ನಮೂನೆ ಬೇಡವೇ ಬೇಡ.

ಹೆಚ್ಚು ಜನ ಎಡವುವುದು ಸಹಿಯಲ್ಲಿ. ಮನೆಯಲ್ಲೇ ಸಹಿ ಹಾಕಿ ಒಯ್ಯಬೇಡಿ, ಅಧಿಕಾರಿಯ ಕಣ್ಣೆದುರೇ ಹಾಕಬೇಕು. ಅಪೋಸ್ಟಿಲ್ ಅಂದರೆ ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪುವಂತೆ ಹಾಕುವ ಸರ್ಕಾರಿ ದೃಢೀಕರಣ. ಯು.ಎ.ಇ. ಆ ಒಪ್ಪಂದದಲ್ಲಿ ಇಲ್ಲ, ಹಾಗಾಗಿ ಅಲ್ಲಿಂದಾದರೆ ಭಾರತೀಯ ಕಾನ್ಸುಲೇಟೇ ದಾರಿ. ಅಮೆರಿಕದಲ್ಲಿ ನೋಟರಿ ಮಾಡಿಸಿ ಅಪೋಸ್ಟಿಲ್ ಹಾಕಿಸುವವರಿದ್ದಾರೆ, ಆದರೂ ನಾನು ಹೇಳುವುದು ಕಾನ್ಸುಲೇಟ್‌ಗೇ ಹೋಗಿ ಅಂತ. ಪ್ರತಿ ಪುಟಕ್ಕೂ ಸಹಿ, ಫೋಟೋ, ಪಾಸ್‌ಪೋರ್ಟ್ ನಂಬರ್, ಸೀಲು ಇವೆಯೇ ನೋಡಿಕೊಳ್ಳಿ.

ಆಮೇಲೆ ಮೂಲ ಪ್ರತಿಯನ್ನೇ ಕೊರಿಯರ್ ಮಾಡಿ. ಇಲ್ಲಿ ಕವರ್ ಒಡೆದು ಬಿಸಾಕುತ್ತಾರೆ, ಅಲ್ಲೇ ತಪ್ಪು. ಹೊರಗೆ ಸಹಿಯಾದ ಪತ್ರ ರಾಜ್ಯಕ್ಕೆ ಬಂದ ದಿನದಿಂದ 3 ತಿಂಗಳೊಳಗೆ ಸ್ಟಾಂಪ್ ಆಗಬೇಕು. ಬಂದ ದಿನಕ್ಕೆ ಸಾಕ್ಷಿ ಆ ಕವರ್ ಮತ್ತು ಕೊರಿಯರ್ ರಸೀದಿ. ಅಕ್ಕ ಅವೆರಡನ್ನೂ ಪವರ್‌ಗೆ ಪಿನ್ ಹಾಕಿಟ್ಟು, ಮರುವಾರವೇ ಧಾರವಾಡಕ್ಕೆ ಹೋಗಿ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಡ್ಯೂಟಿ ಕಟ್ಟಿ ಬಂದರು. ಗಡುವು ತಪ್ಪಿದರೆ ಡ್ಯೂಟಿಯ 10 ಪಟ್ಟಿನವರೆಗೂ ದಂಡ ಬೀಳಬಹುದು. ಆ ಗಡಿಬಿಡಿಯಲ್ಲಿ ಕೊಳ್ಳುವವರು ಬೇರೆ ಸೈಟು ನೋಡಿಕೊಳ್ಳುತ್ತಾರೆ.

ನೋಂದಣಿ ದಿನ ಮೂಲ ಪವರ್ ಕೈಯಲ್ಲಿರಲಿ, ಝೆರಾಕ್ಸ್ ನಡೆಯುವುದಿಲ್ಲ.

ಕೊಳ್ಳುವವರಿಗೆ ಎರಡು ಮಾತು. ಸಾಮಾನ್ಯವಾಗಿ ಮಾಲೀಕರು ತೀರಿಕೊಂಡ ಕ್ಷಣವೇ ಪವರ್ ಮುಗಿಯುತ್ತದೆ, ಬೇಕೆಂದಾಗ ರದ್ದೂ ಮಾಡಬಹುದು. ಅದಕ್ಕೇ ನೋಂದಣಿಯ ದಿನ ಬೆಳಿಗ್ಗೆ ಮಾಲೀಕರಿಗೆ ವಿಡಿಯೊ ಕಾಲ್ ಮಾಡಿ, ಪವರ್ ಚಾಲ್ತಿಯಲ್ಲಿದೆ ಎಂದು ಅವರಿಂದಲೇ ಇಮೇಲ್ ತರಿಸಿಕೊಳ್ಳಿ. ಬರೀ ಪವರ್ ಇಟ್ಟುಕೊಂಡು ಹಣ ಕೊಟ್ಟರೆ ಸೈಟು ನಿಮ್ಮದಾಗುವುದಿಲ್ಲ, 2011ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಕ್ರಯಪತ್ರ ಬೇಕೇ ಬೇಕು.

ಇನ್ನೊಂದು ಟಿ.ಡಿ.ಎಸ್., ಅಂದರೆ ಹಣ ಕೊಡುವಾಗಲೇ ಕೊಳ್ಳುವವರು ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ಅಕ್ಕ ಇಲ್ಲಿಯವರು, 1 ಪರ್ಸೆಂಟ್ ಹಿಡಿದರೆ ಸಾಕು ಅಂದುಕೊಳ್ಳುತ್ತಾರೆ. ಮಾರುವವರು ಅನಿವಾಸಿ, ಹಾಗಾಗಿ ಅನಿವಾಸಿಗಳ ದರದಲ್ಲೇ ಹಿಡಿಯಬೇಕು, ಅದು ತುಂಬಾ ಜಾಸ್ತಿ. ಕಡಿಮೆ ಹಿಡಿದರೆ ತೆರಿಗೆ ಇಲಾಖೆ ಕೇಳುವುದು ನಿಮ್ಮನ್ನೇ. ಉಳಿದ ಹಣ ಪವರ್ ಪಡೆದವರ ಖಾತೆಗೆ ಬೇಡ, ಮಾಲೀಕರ ಎನ್.ಆರ್.ಒ. ಖಾತೆಗೆ, ಅಂದರೆ ಅನಿವಾಸಿಗಳು ಭಾರತದ ಬ್ಯಾಂಕಿನಲ್ಲಿ ಇಡುವ ಖಾತೆಗೆ ನೇರ ಹಾಕಿ. ನಾಳೆ ಲೆಕ್ಕ ಕೇಳಿದಾಗ ಅಕ್ಕನಿಗೂ ಅದೇ ನೆಮ್ಮದಿ.