ಕವಳ ಬಿಟ್ಟ ಎರಡನೇ ಶನಿವಾರ

ನಮ್ಮ ಸಾಗರದ ಕಡೆ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಸೇರಿದ್ದಕ್ಕೆ ಕವಳ ಎನ್ನುತ್ತಾರೆ. ಮನೆಗೆ ಬಂದವರಿಗೆ ಮೊದಲು ನೀರು, ಆಮೇಲೆ ಕವಳದ ತಬಕು. ಇಪ್ಪತ್ತಾರು ವರ್ಷ ನಾನು ಅದನ್ನು ಹಾಕಿದೆ. ಆ ನಡುವೆ ಎರಡು ಸಲ ಬಿಟ್ಟಿದ್ದೆ. ಎರಡೂ ಸಲ ಬೆಳಿಗ್ಗೆ ಎದ್ದು ಸಂಚಿಯನ್ನು ಗೊಬ್ಬರದ ಗುಂಡಿಗೆ ಎಸೆದದ್ದು, ಮಧ್ಯಾಹ್ನದ ಊಟದ ಹೊತ್ತಿಗೆ ಪಕ್ಕದ ಮನೆಯ ಮೆಟ್ಟಿಲು ಹತ್ತಿದ್ದು.

ಮೂರನೆಯ ಸಲ ಎಸೆಯುವ ಮೊದಲು ಲೆಕ್ಕ ಬರೆದೆ. ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವುದೇ ನನ್ನ ಉದ್ಯೋಗವಾದ್ದರಿಂದ ಅದು ಕಷ್ಟವಾಗಲಿಲ್ಲ. ಹತ್ತು ದಿನ, ಪ್ರತಿ ಕವಳಕ್ಕೂ ಒಂದು ಸಾಲು: ಎಷ್ಟು ಗಂಟೆ, ಎಲ್ಲಿ, ಯಾರ ಜೊತೆ, ಅದಕ್ಕೆ ಮೊದಲು ಏನು ಮಾಡುತ್ತಿದ್ದೆ. ದಿನಕ್ಕೆ ಏಳೆಂಟು ಎಂದುಕೊಂಡಿದ್ದೆ, ಪುಸ್ತಕ ಹದಿನಾಲ್ಕು ಎಂದಿತು. ನೋಡುತ್ತ ಹೋದಂತೆ ಆ ಹದಿನಾಲ್ಕು ಒಂದೇ ಜಾತಿಯವಲ್ಲ ಎಂದು ತಿಳಿಯಿತು. ಬೆಳಿಗ್ಗೆ ಎದ್ದ ಹತ್ತು ನಿಮಿಷದಲ್ಲಿ ಹಾಕುವುದು ಮೈ ಕೇಳುವ ಕವಳ. ಊಟವಾದ ಮೇಲಿನದು, ಕಾಫಿಯ ಬೆನ್ನಿಗೆ ಬರುವುದು ಬಾಯಿಯ ರೂಢಿ. ಉಳಿದ ಐದಾರು, ಯಾರೋ ತಬಕು ಮುಂದೆ ನೂಕಿದರು ಎಂಬ ಕಾರಣಕ್ಕೆ ಹಾಕಿದವು.

ದಿನ ಗೊತ್ತು ಮಾಡುವುದೂ ಒಂದು ಲೆಕ್ಕವೇ. ಕೊನೆಕೊಯ್ಲಿನ ಕಾಲದಲ್ಲಿ ಸಾಧ್ಯವಿರಲಿಲ್ಲ. ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುವಾಗ ಕವಳವಿಲ್ಲದೆ ಕೂರುವವರನ್ನು ನಾನು ಕಂಡಿಲ್ಲ. ಏಪ್ರಿಲ್ ಬಂದರೆ ಮದುವೆ, ಉಪನಯನ. ನಡುವೆ ಸಿಕ್ಕ ಬಿಡುವು ಫೆಬ್ರುವರಿ. ಮೈಯ ಕಾಟ ಎರಡನೆಯ, ಮೂರನೆಯ ದಿನ ಅತಿ ಹೆಚ್ಚು ಇರುತ್ತದೆ ಎಂದು ಗೊತ್ತಿತ್ತು. ಕಚೇರಿಯಲ್ಲಿ ಸದಸ್ಯರ ಮೇಲೆ ರೇಗುವುದಕ್ಕಿಂತ ಮನೆಯಲ್ಲಿ ರೇಗುವುದು ವಾಸಿ ಎಂದು ಎರಡನೇ ಶನಿವಾರವನ್ನು ಆರಿಸಿದೆ: 2023ರ ಫೆಬ್ರುವರಿ 11. ಸೋಮವಾರಕ್ಕೂ ಒಂದು ರಜೆ ಬರೆದುಕೊಟ್ಟೆ. ತಯಾರಿಗೆ ಎರಡು ವಾರ ಇತ್ತು. ಅದಕ್ಕಿಂತ ದೂರದ ದಿನ ಇಟ್ಟುಕೊಂಡರೆ, 'ಹೇಗೂ ಬಿಡುವವನಲ್ಲವೇ' ಎಂದು ದಿನಕ್ಕೆ ಹದಿನೆಂಟು ಹಾಕುವ ಮನುಷ್ಯ ನಾನು.

ಆ ಎರಡು ವಾರದಲ್ಲಿ ದಂತವೈದ್ಯರ ಬಳಿ ಹೋದೆ. ಖಾರ ತಾಗಿದರೆ ಕೆನ್ನೆಯ ಒಳಗೆ ಉರಿಯುತ್ತಿತ್ತು. ಅವರು ಮೊದಲು ಹೇಳಿದ್ದು, "ನಿಮ್ಮ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕಿ, ನೋಡೋಣ." ಹೋದವು, ಆದರೆ ಬಿಗಿಯಾಗಿ. ಹೊಗೆಸೊಪ್ಪು ಬಿಟ್ಟು ಬರಿ ಎಲೆ ಅಡಿಕೆ ಹಾಕುತ್ತೇನೆ ಎಂಬುದು ನನ್ನ ಯೋಜನೆಯಾಗಿತ್ತು. ಅದನ್ನು ಅವರು ಅಲ್ಲೇ ಮುರಿದರು. ಕೆನ್ನೆಯ ಒಳಚರ್ಮ ಗಡುಸಾಗಿ ಬಾಯಿ ಕಿರಿದಾಗುವುದಕ್ಕೆ ಮುಖ್ಯ ಕಾರಣ ಅಡಿಕೆ. ಅಡಿಕೆಯೊಂದೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಅದಕ್ಕೆ ತನ್ನದೇ ಚಟವೂ ಉಂಟು. ಒಂದೂವರೆ ಎಕರೆ ಅಡಿಕೆ ತೋಟದವನಿಗೆ ಕೇಳಲು ಹಿತವಾದ ಮಾತಲ್ಲ. ಆದರೆ ಬಾಯಿ ನನ್ನದು.

ಎದ್ದ ಅರ್ಧ ಗಂಟೆಯೊಳಗೆ ಮೊದಲ ಕವಳ ಬೇಕಾಗುತ್ತದೆ ಎಂದದ್ದಕ್ಕೆ ಅವರು 4 ಮಿಲಿಗ್ರಾಮ್‌ನ ನಿಕೋಟಿನ್ ಗಮ್ ಬರೆದುಕೊಟ್ಟರು. ತಡವಾಗಿ ಶುರುಮಾಡುವವರಿಗೆ 2 ಸಾಕಂತೆ. ಎದೆಯ ತೊಂದರೆ ಇರುವವರು, ಬಸುರಿಯರು ಕೇಳದೆ ತೆಗೆದುಕೊಳ್ಳಬಾರದು ಎಂದೂ, ಬಾಯಿ ತೀರಾ ಬಿಗಿದವರಿಗೆ ಅಗಿಯುವ ಗಮ್‌ಗಿಂತ ಚೀಪುವ ಗುಳಿಗೆ ಮೇಲು ಎಂದೂ ಹೇಳಿದರು.

ಗಮ್ ನನಗೆ ಮೂರು ದಿನ ಕೆಲಸ ಮಾಡಲಿಲ್ಲ. ಗಂಟಲು ಉರಿ, ಬಿಕ್ಕಳಿಕೆ, ಆಸೆ ಮಾತ್ರ ಇದ್ದಹಾಗೇ. ತಪ್ಪು ಎರಡಿತ್ತು. ಮೊದಲನೆಯದು, ಕವಳದಂತೆ ಜಗಿದು ರಸ ನುಂಗಿದ್ದು. ಹೊಟ್ಟೆಗೆ ಹೋದ ನಿಕೋಟಿನ್ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ, ಅದು ಕೆನ್ನೆಯಿಂದಲೇ ಇಳಿಯಬೇಕು. ಮೆಣಸಿನಂಥ ಚುರುಕು ಬರುವವರೆಗೆ ಏಳೆಂಟು ಸಲ ನಿಧಾನವಾಗಿ ಅಗಿದು, ಕೆನ್ನೆ ಮತ್ತು ವಸಡಿನ ನಡುವೆ ಒತ್ತಿ ಸುಮ್ಮನಿರಬೇಕು. ಚುರುಕು ಇಳಿದ ಮೇಲೆ ಮತ್ತೆ ಎರಡು ಸಲ ಅಗಿದು ಇನ್ನೊಂದು ಕೆನ್ನೆಗೆ. ಹೀಗೆ ಅರ್ಧ ಗಂಟೆ. ಕವಳ ಒತ್ತಿಟ್ಟುಕೊಂಡು ರೂಢಿಯಿದ್ದ ಕೆನ್ನೆಗೆ ಇದನ್ನು ಕಲಿಸಬೇಕಾಗಿ ಬಂತಲ್ಲ ಎಂದು ನಗು ಬಂತು.

ಎರಡನೆಯ ತಪ್ಪನ್ನು ಹಿಡಿದದ್ದು ತಂಬಾಕು ಬಿಡುವವರ ಸಹಾಯವಾಣಿಯಲ್ಲಿ. ಸಂಖ್ಯೆ 1800-11-2356, ತಂಬಾಕಿನ ಪೊಟ್ಟಣಗಳ ಮೇಲೆ ಅಚ್ಚಾಗಿರುತ್ತದೆ. ಸಂತೆಯಲ್ಲಿ ಬಿಡಿಯಾಗಿ ಹೊಗೆಸೊಪ್ಪು ಕೊಳ್ಳುವ ನನ್ನಂಥವರಿಗೆ ಕಾಣುವುದಿಲ್ಲ, ಅಷ್ಟೇ. ಗಮ್‌ಗೆ ಮೊದಲು ಬಾಯಲ್ಲಿ ಏನಿತ್ತು ಎಂದು ಅವರು ಕೇಳಿದರು. ಕವಳದ ಬದಲಿಗೆಂದು ಬಾಯಿಗೆ ಹಾಕಿಕೊಳ್ಳುತ್ತಿದ್ದ, ಉಪ್ಪು ಹಾಕಿ ಒಣಗಿಸಿದ ನೆಲ್ಲಿ ಎಂದೆ. ಅದೇ ಕಾರಣ. ಬಾಯಿ ಹುಳಿಯಾಗಿದ್ದರೆ ಕೆನ್ನೆ ನಿಕೋಟಿನ್ ಹೀರುವುದಿಲ್ಲ. ನೆಲ್ಲಿ, ಮುರುಗಲು ಪಾನಕ, ಕಾಫಿ ಎಲ್ಲವೂ ಗಮ್‌ಗೆ ಕಾಲು ಗಂಟೆ ಮೊದಲೇ ಮುಗಿಯಬೇಕು, ಗಮ್ ಇರುವಾಗ ಬೇಡವೇ ಬೇಡ. ಒಂದು ಪರಿಹಾರ ಇನ್ನೊಂದನ್ನು ಕೊಲ್ಲುತ್ತಿತ್ತು.

ಅಂದಿನಿಂದ ಎರಡನ್ನೂ ಬೇರೆ ಮಾಡಿದೆ. ಮೈ ಕೇಳುವ ಕವಳಕ್ಕೆ ಗಮ್, ಅದೂ ಆಸೆ ಹತ್ತುವವರೆಗೆ ಕಾಯದೆ, ಗಂಟೆ ಒಂದೂವರೆ ಗಂಟೆಗೊಂದು, ದಿನಕ್ಕೆ ಹತ್ತು. ಎದ್ದ ಕೂಡಲೇ ಗಮ್, ಕಾಫಿ ಮುಕ್ಕಾಲು ಗಂಟೆ ಬಿಟ್ಟು. ರೂಢಿಯ ಕವಳಕ್ಕೆ ಬೇರೆಯದು: ಊಟವಾದ ಕೂಡಲೇ ಹಲ್ಲುಜ್ಜುತ್ತಿದ್ದೆ. ಪೇಸ್ಟಿನ ರುಚಿ ಇರುವ ಬಾಯಿಗೆ ಎಲೆ ಬೇಕೆನಿಸುವುದಿಲ್ಲ. ಕಚೇರಿಯ ಮೇಜಿನ ಮೇಲೆ ಲವಂಗ, ಹುರಿದ ಸೋಂಪು. ಆಸೆಯ ಒಂದೊಂದು ಅಲೆಯನ್ನೂ ಗಡಿಯಾರ ನೋಡಿ ಬರೆದೆ. ಐದು ನಿಮಿಷ ದಾಟಿದ್ದು ಎರಡೋ ಮೂರೋ. ಆ ಹೊತ್ತಿಗೆ ಬಾವಿಯಿಂದ ನಾಲ್ಕು ಕೊಡ ನೀರು ಸೇದಿದರೆ ಮುಗಿಯುತ್ತಿತ್ತು. ಕೈಗೂ ಚಟವಿರುತ್ತದೆ: ಎಲೆ ಒರೆಸುವುದು, ತೊಟ್ಟು ಮುರಿಯುವುದು, ಸುಣ್ಣ ಹಚ್ಚುವುದು. ಆ ಕೈಗೆ ಹಗ್ಗವೇ ಸರಿಹೋಯಿತು.

ಜಾರಿದ್ದು ಎಂಟನೆಯ ದಿನ, ಶಿವರಾತ್ರಿಯ ಜಾಗರಣೆಯಲ್ಲಿ. ಗಮ್ ಹಾಕಿದರೆ ಉಪವಾಸ ಭಂಗವೇ ಎಂದು ಭಟ್ಟರನ್ನು ಕೇಳುವ ಧೈರ್ಯವಾಗದೆ ಅದನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. (ಕವಳದ ಬಗ್ಗೆ ಮಾತ್ರ ಯಾರೂ ಆ ಪ್ರಶ್ನೆ ಎತ್ತುವುದಿಲ್ಲ.) ರಾತ್ರಿ ಎರಡು ಗಂಟೆಗೆ ತಬಕು ಬಂತು. ಬರಿ ಎಲೆ ತಾನೇ ಎಂದು ಒಂದು ತೆಗೆದುಕೊಂಡೆ. ಎಲೆ ಸುಣ್ಣವನ್ನು ಕರೆಯಿತು, ಸುಣ್ಣ ಅಡಿಕೆಯನ್ನು, ಕೊನೆಗೆ ಹೊಗೆಸೊಪ್ಪಿನ ಒಂದು ಎಳೆ. ತಲೆ ಸುತ್ತಿ ಕಂಬಕ್ಕೆ ಒರಗಿದೆ.

ಮಾರನೆಯ ದಿನ ಹೊಸ ದಿನಾಂಕ ಇಡಲಿಲ್ಲ. ಆ ಒಂದು ಕವಳವನ್ನೂ ಪುಸ್ತಕದಲ್ಲಿ ಬರೆದೆ: ಎರಡು ಗಂಟೆ, ದೇವಸ್ಥಾನ, ಗಮ್ ಇಲ್ಲ, ಹಸಿವು, ನಿದ್ದೆ ಇಲ್ಲ. ಕೆಳಗೆ ಎರಡು ತಿದ್ದುಪಡಿ: ಬರಿ ಎಲೆಯನ್ನೂ ಮುಟ್ಟುವುದಿಲ್ಲ, ತಬಕು ಇರುವ ಕಡೆಗೆ ಹೋಗುವಾಗ ಮನೆಯಿಂದಲೇ ಕೆನ್ನೆಯಲ್ಲಿ ಗಮ್ ಇಟ್ಟುಕೊಂಡು ಹೋಗುತ್ತೇನೆ. ಬಾಯಿ ತುಂಬಿದವನಿಗೆ ಯಾರೂ ಎರಡನೆಯ ಸಲ ಒತ್ತಾಯ ಮಾಡುವುದಿಲ್ಲ.

ಆರು ವಾರ ಕಳೆದ ಮೇಲೆ ಗಮ್‌ಗಳ ನಡುವಿನ ಅಂತರ ಹೆಚ್ಚಿಸುತ್ತ ಬಂದು, ಮೇ ಮೊದಲ ವಾರದಲ್ಲಿ ನಿಲ್ಲಿಸಿದೆ. ಮಲಬದ್ಧತೆ ಮಾತ್ರ ತಿಂಗಳುಗಟ್ಟಲೆ ಕಾಡಿತು. ಅಷ್ಟು ವರ್ಷ ಬೆಳಗಿನ ಕವಳವೇ ಅದಕ್ಕೆ ಔಷಧವಾಗಿತ್ತು.

ಆ ಡಿಸೆಂಬರ್‌ನಲ್ಲಿ ನಮ್ಮ ಮನೆಯ ಅಂಗಳದಲ್ಲಿ ಅಡಿಕೆ ಸುಲಿಯುವಾಗ, ತಬಕು ನನ್ನನ್ನು ದಾಟಿ ಹೋದದ್ದನ್ನು ಪಕ್ಕದ ಮನೆಯವರು ನೋಡಿದರು. "ಭಾವ, ಆ ಗಮ್ ಎಲ್ಲಿ ಸಿಗುತ್ತದೆ?" ಎಂದು ಮೆಲ್ಲಗೆ ಕೇಳಿದರು.

"ಹೇಳುತ್ತೇನೆ. ಮೊದಲು ಇದು ಹೇಳಿ, ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೆಯ ಕವಳ?"